ಬ್ರೇಕಕ್ಕ ಬ್ಯಾಂಕಿಗೆ ಬರೆದುಕೊಟ್ಟದ್ದು

ನನಗೆ ಕಾರು ಕಲಿಸಿದವರನ್ನು ಊರೆಲ್ಲ ಬ್ರೇಕಕ್ಕ ಎಂದೇ ಕರೆಯುತ್ತಿತ್ತು. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕು ಇರುತ್ತದಲ್ಲ, ಅದರ ಮೇಲಿಂದ ಅವರ ಕಾಲು ಕದಲುತ್ತಿರಲಿಲ್ಲ. ಕಲಿಯುವವನಿಗೆ ಎದುರಿನ ಸೈಕಲ್ಲು ಕಾಣಿಸುವ ಮೊದಲೇ ಕಾರು ನಿಂತುಬಿಡುತ್ತಿತ್ತು. ನಿಂತ ಮೇಲೆ ಬೈಗುಳ. "ಸ್ಟೇರಿಂಗು ಅದು, ಕೋಳಿ ಕತ್ತಲ್ಲ. ಅಷ್ಟು ಗಟ್ಟಿ ಯಾಕೆ ಹಿಡ್ಕೊಂಡಿದ್ದೀರಿ?"

ವಯಸ್ಸು ಐವತ್ತು ದಾಟಿತ್ತು. ಮದುವೆ ಮಾಡಿಕೊಂಡಿರಲಿಲ್ಲ. ಗಿಡ್ಡ ಕೂದಲು, ಮಡಿಸಿದ ತೋಳು, ಕತ್ತಿನಲ್ಲಿ ದಾರಕ್ಕೆ ಪೋಣಿಸಿದ ಕನ್ನಡಕ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಂದಷ್ಟೇ ಬೇಗ ಇಳಿಯುತ್ತಲೂ ಇತ್ತು. ಬೈದ ಹತ್ತು ನಿಮಿಷಕ್ಕೆ ರಸ್ತೆ ಬದಿ ಕಾರು ನಿಲ್ಲಿಸಿ ತಾವೇ ದುಡ್ಡು ಕೊಟ್ಟು ಚಹಾ ಕುಡಿಸುತ್ತಿದ್ದರು. ಆದರೆ ಫೀಸಿನಲ್ಲಿ ಮಾತ್ರ ಒಂದು ಕಾಸೂ ಬಿಡುತ್ತಿರಲಿಲ್ಲ. ಆ ವಿಷಯದಲ್ಲಿ ಅವರನ್ನು ಜಿಪುಣಿ ಎನ್ನುವವರೂ ಇದ್ದರು. ಅವರು ಅದಕ್ಕೆ ತಲೆ ಕೆಡಿಸಿಕೊಂಡವರಲ್ಲ. ತಲೆ ಕೆಡಿಸಿಕೊಂಡದ್ದು ಒಂದೇ ಒಂದು ಸಲ. ಅದನ್ನು ಅವರೇ ನನಗೆ ಹೇಳಿದರು. ರೈಲ್ವೆ ಗೇಟು ಹಾಕಿ, ಮುಂದೆ ಲಾರಿ, ಹಿಂದೆ ಬಸ್ಸು ನಿಂತು, ಎಂಜಿನ್ ಆರಿಸಿ ಕೂತಿದ್ದ ಒಂದು ಮಧ್ಯಾಹ್ನ ಹೇಳಲು ಶುರುಮಾಡಿದರು. ಆಮೇಲೆ ಹಲವು ದಿನ, ತುಂಡು ತುಂಡಾಗಿ.

ಅವರ ಎದುರು ಮನೆಯಲ್ಲಿ ಅವರ ಅತ್ತಿಗೆ ಇದ್ದರು, ತೀರಿಹೋದ ಅಣ್ಣನ ಹೆಂಡತಿ. ಒಂದೇ ಕಟ್ಟಡ, ಒಂದೇ ಮಹಡಿ, ಎದುರುಬದುರು ಬಾಗಿಲು. ಬ್ರೇಕಕ್ಕ ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಮದುವೆಯಾಗಿ ಬಂದವರು. ತಾಯಿಯಿಲ್ಲದ ನಾದಿನಿಯ ತಲೆ ಬಾಚಿದವರು, ಪರೀಕ್ಷೆಗೆ ಓದಿಸಿದವರು ಅವರೇ. ಹುಡುಗಿ ಡ್ರೈವಿಂಗ್ ಕಲಿಯುತ್ತೇನೆ ಎಂದಾಗ ಅಣ್ಣ ಬೇಡ ಎಂದು ಗುಡುಗಿದ್ದರಂತೆ. ಅತ್ತಿಗೆ ಅದಕ್ಕೆ ಎದುರಾಡಲಿಲ್ಲ. ಮಾರನೆಯ ದಿನ ತಮ್ಮ ಸಂಬಳದಿಂದ ಫೀಸು ತೆಗೆದು ನಾದಿನಿಯ ಕೈಗಿಟ್ಟು, "ಕಲಿತು ಬಾ, ನಿಮ್ಮಣ್ಣನಿಗೆ ನಾನು ಹೇಳ್ಕೋತೀನಿ" ಎಂದರು. ನಾದಿನಿಗೆ ಐವತ್ತು ತುಂಬಿದ ಮೇಲೂ ಅವರು ಕೂಗುತ್ತಿದ್ದದ್ದು "ಏ ಹುಡುಗಿ" ಎಂದೇ.

ಅತ್ತಿಗೆಯದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಬಿಡುವಿನಲ್ಲಿ ಓದು, ಕೆಲಸದಲ್ಲೂ ಓದು. ಕೆಲಸದಿಂದ ನಿವೃತ್ತರಾದ ಕೆಲವೇ ವರ್ಷಗಳಲ್ಲಿ ಕಣ್ಣು ಕೈಕೊಟ್ಟಿತು. ಪೂರ್ತಿ ಕತ್ತಲಲ್ಲ. ನೋಟದ ನಡುವೆ ಒಂದು ಬೂದು ಕಲೆ ಕೂತು, ಅಂಚುಗಳಷ್ಟೇ ಉಳಿದವು. ಎದುರು ನಿಂತವರ ಮುಖ ಕಾಣುತ್ತಿರಲಿಲ್ಲ, ಕಿವಿಯ ಓಲೆ ಕಾಣುತ್ತಿತ್ತು. ಓಡಾಡಬಹುದಿತ್ತು, ಅಡುಗೆ ಮಾಡಬಹುದಿತ್ತು. ಓದಲಿಕ್ಕಾಗುತ್ತಿರಲಿಲ್ಲ. ಡಾಕ್ಟರು ಇದು ಹಿಂದಕ್ಕೆ ಬರುವಂಥದ್ದಲ್ಲ ಎಂದಾಗ ಅತ್ತಿಗೆ, "ಸರಿ ಬಿಡಿ, ಜನರ ತಪ್ಪು ತಿದ್ದೋ ಕೆಲಸ ಮುಗೀತು" ಎಂದು ನಕ್ಕಿದ್ದರಂತೆ. ಮನೆಗೆ ಬಂದು ಕಪಾಟಿನ ಪುಸ್ತಕಗಳ ಬೆನ್ನು ಸವರುತ್ತ ಕೂತಿದ್ದನ್ನು ಬ್ರೇಕಕ್ಕ ಬಾಗಿಲಿನಿಂದ ನೋಡಿದರು. ಒಳಗೆ ಹೋಗಲು ಧೈರ್ಯ ಬರಲಿಲ್ಲ.

ಪುಸ್ತಕಗಳನ್ನು ಓದಿ ಹೇಳುವ ಸೇವೆಯೊಂದಿದೆ ಎಂದು ಅವರಿಗೆ ತಿಳಿಸಿದ್ದು ಕಾರು ಕಲಿಯಲು ಬರುತ್ತಿದ್ದ ಒಬ್ಬರು. ಫೋನಿನಲ್ಲೇ ಸಾವಿರಾರು ಪುಸ್ತಕ, ಒಳ್ಳೆಯ ಓದುಗರ ದನಿ, ತಿಂಗಳಿಗಿಷ್ಟು ಎಂದು ಚಂದಾ. ಅತ್ತಿಗೆಯ ಪಿಂಚಣಿ ಬಾಡಿಗೆಗೂ ಔಷಧಿಗೂ ಸರಿಹೋಗುತ್ತಿತ್ತು. ಅದರ ಮೇಲೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳದ ಹಟ. ಕಣ್ಣಾಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋಗುವುದಕ್ಕೇ ಎಷ್ಟೋ ದಿನ ಜಗಳವಾಗಿತ್ತು. ಹಾಗಾಗಿ ಬ್ರೇಕಕ್ಕ ಒಂದು ಸುಳ್ಳು ಹೇಳಿದರು. ತಮ್ಮ ಹಳೆಯ ಫೋನನ್ನು ತೆರೆದರೆ ಮಾತಾಡುವ ಹಾಗೆ ಮಾಡಿಸಿ, ತಂದುಕೊಟ್ಟು, "ಕಣ್ಣಿನ ತೊಂದ್ರೆ ಇರೋರಿಗೆ ಇದು ಬಿಟ್ಟಿಯಂತೆ ಅತ್ತಿಗೆ, ಹೆಸರು ಬರೆಸಿ ಬಂದೆ" ಎಂದರು. ನಿಜವಾಗಿ ಮಾಡಿದ್ದೇನೆಂದರೆ, ತಮ್ಮ ಬ್ಯಾಂಕ್ ಖಾತೆಯಿಂದ ಪ್ರತಿ ತಿಂಗಳೂ ಚಂದಾ ತಾನಾಗಿ ಕಡಿತವಾಗುವಂತೆ ಆ ಕಂಪನಿಗೆ ಒಪ್ಪಿಗೆ ಕೊಟ್ಟದ್ದು. ಬ್ಯಾಂಕಿನವರು ಇದನ್ನು ಮ್ಯಾಂಡೇಟ್ ಅನ್ನುತ್ತಾರೆ. ಒಂದು ಸಲ ಒಪ್ಪಿದರೆ ಆಮೇಲೆ ತಿಂಗಳು ತಿಂಗಳೂ ಯಾರೂ ಕೇಳುವುದಿಲ್ಲ, ನಾವೂ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಆ ಫೋನು ಬಂದ ಮೇಲೆ ಎದುರು ಮನೆಗೆ ಜೀವ ಬಂತು. ಪಾತ್ರೆ ತೊಳೆಯುವಾಗ ಕಾದಂಬರಿ, ಬಟ್ಟೆ ಮಡಿಸುವಾಗ ಪ್ರವಾಸಕಥೆ. ಕೇಳುತ್ತ ಕೇಳುತ್ತಲೇ ಅತ್ತಿಗೆ ಓದುವವರನ್ನು ತಿದ್ದುತ್ತಿದ್ದರು. "ನೋಡು, ಅಲ್ಪವಿರಾಮ ನುಂಗಿಬಿಟ್ಟ. ಇನ್ನೊಂದು ಪುಟಕ್ಕೆ ಪೂರ್ಣವಿರಾಮಾನೂ ನುಂಗ್ತಾನೆ ಇವನು." ಬ್ರೇಕಕ್ಕ ಸಂಜೆ ಕ್ಲಾಸು ಮುಗಿಸಿ ಬಂದರೆ, ಚಪ್ಪಲಿ ಬಿಡುವ ಮೊದಲೇ ಅವತ್ತಿನ ಕತೆ ಕೇಳಬೇಕಿತ್ತು. ಯಾವ ಕಾದಂಬರಿಯಲ್ಲಿ ಯಾರು ಯಾರನ್ನು ಬಿಟ್ಟುಹೋದರು, ಯಾವನು ಹಡಗು ಹತ್ತಿದ. "ನಾನು ಪುಸ್ತಕ ಮುಟ್ಟಿದವಳಲ್ಲ. ಆ ಎರಡು ವರ್ಷದಲ್ಲಿ ಒಂದು ಲೈಬ್ರರಿ ನನ್ನ ಕಿವಿಗೆ ಬಿತ್ತು" ಎಂದರು ನನಗೆ.

ಹೀಗಿರುವಾಗ ಒಂದು ಭಾನುವಾರ ಅತ್ತಿಗೆಯ ತಂಗಿ ಊಟಕ್ಕೆ ಬಂದರು. ಬ್ರೇಕಕ್ಕನೂ ಇದ್ದರು. ತಂಗಿಗೆ ತನ್ನ ಮಗಳಿಗೆ ಡ್ರೈವಿಂಗ್ ಕಲಿಸಬೇಕಿತ್ತು. ಊಟದ ನಡುವೆ, "ನಮ್ಮ ಹುಡುಗಿಗೆ ನೀವೇ ಕಲಿಸಿಕೊಡಿ. ನಮ್ಮವರ ಹತ್ರ ಏನು ಫೀಸು ತಗೋತೀರಿ" ಎಂದು ನಕ್ಕರು.

"ತಗೋತೀನಿ. ಪೆಟ್ರೋಲ್ ಬಂಕಿನವನಿಗೆ ನೀವು ನಮ್ಮವರು ಅಂತ ಗೊತ್ತಿಲ್ವಲ್ಲ" ಎಂದರು ಬ್ರೇಕಕ್ಕ, ತಾವೂ ನಗುತ್ತ.

ಆಗ ಅತ್ತಿಗೆ ಬಾಯಿಗೆ ತುತ್ತಿಡುತ್ತಿದ್ದವರು ಕೈ ಕೆಳಗಿಳಿಸಿ ಹೇಳಿದರು: "ಅಯ್ಯೋ, ನಮ್ಮ ಹುಡುಗಿ ಬಿಟ್ಟಿ ಏನೂ ಮಾಡೋಳಲ್ಲ. ನನ್ನನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗುವಾಗ್ಲೂ ಮೀಟರ್ ಹಾಕಿರ್ತಾಳೋ ಏನೋ. ನಂಗೆ ಕಣ್ಣು ಕಾಣಲ್ಲ ಅಷ್ಟೆ!"

ಮೇಜಿನ ಸುತ್ತ ನಗು. ತಂಗಿಗಂತೂ ನಕ್ಕೂ ನಕ್ಕೂ ನೆತ್ತಿಗೇರಿತು. ಬ್ರೇಕಕ್ಕನೂ ನಕ್ಕರು. ನಗುತ್ತಲೇ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ನಲ್ಲಿ ತಿರುಗಿಸಿ ತಟ್ಟೆ ತೊಳೆಯತೊಡಗಿದರು.

"ತಮಾಷೆ ಅಂತ ನಂಗೆ ಗೊತ್ತಿತ್ತು" ಎಂದರು ನನ್ನ ಹತ್ತಿರ, ಮುಚ್ಚಿದ ರೈಲ್ವೆ ಗೇಟನ್ನೇ ನೋಡುತ್ತ. "ಬೇರೆ ಯಾರಾದ್ರೂ ಅಂದಿದ್ರೆ ಅಲ್ಲೇ ಒಂದಕ್ಕೆರಡು ಕೊಡ್ತಿದ್ದೆ. ಅತ್ತಿಗೆ ಬಾಯಲ್ಲಿ ಬಂತು ನೋಡಿ. ಅವತ್ತು ಬೆಳಿಗ್ಗೆ ತಾನೇ ಆ ಫೋನು ಕೇಳ್ತಾ ಅಡುಗೆ ಮಾಡಿದ್ರು."

ಹೇಳಿಬಿಡಬಹುದಿತ್ತು. ಹೇಳಿದ್ದರೆ ಫೋನು ಅಂದೇ ವಾಪಸು ಬರುತ್ತಿತ್ತು. ಹೇಳದೆ ನುಂಗಬಹುದಿತ್ತು, ನುಂಗಲೂ ಆಗಲಿಲ್ಲ. ಬೆಳಗಾದರೆ ಇಳಿದುಹೋಗುತ್ತಿದ್ದ ಸಿಟ್ಟು ಅವತ್ತು ಬೆಳಗಾದರೂ ಇಳಿಯಲಿಲ್ಲ. ಮೊದಲ ಕ್ಲಾಸು ಮುಗಿಸಿದವರೇ ಕಾರನ್ನು ಬ್ಯಾಂಕಿನ ಮುಂದೆ ನಿಲ್ಲಿಸಿದರು.

ಬ್ಯಾಂಕಿನಲ್ಲಿ ಖಾತೆಗಳ ಕೆಲಸ ನೋಡಿಕೊಳ್ಳುವ ಆಫೀಸರು ಬ್ರೇಕಕ್ಕನಿಂದಲೇ ಕಾರು ಕಲಿತ ಹೆಣ್ಣುಮಗಳು. ರಿವರ್ಸ್ ಹೋಗುವಾಗ ಎರಡು ಸಲ ಕಂಬಕ್ಕೆ ಹೊಡೆದು, ಮೂರನೇ ಸಲ ಪಾಸಾದವರು. ನೋಡಿದ ಕೂಡಲೇ ಎದ್ದು ಕುರ್ಚಿ ತೋರಿಸಿದರು.

"ನನ್ನ ಖಾತೆಯಿಂದ ತಿಂಗಳು ತಿಂಗಳು ಚಂದಾ ಹೋಗ್ತಾ ಇದೆ. ಅದು ನಿಲ್ಲಬೇಕು."

"ನಿಲ್ಲಿಸಬಹುದು ಅಕ್ಕ. ಬರೆದು ಕೊಡಬೇಕಾಗುತ್ತೆ. ಈ ಒಂದು ತಿಂಗಳಿನದು ಮಾತ್ರ ತಡೀಬೇಕಾ, ಇಲ್ಲ ಮ್ಯಾಂಡೇಟೇ ರದ್ದಾಗಬೇಕಾ?"

"ಎರಡಕ್ಕೂ ಏನು ವ್ಯತ್ಯಾಸ?"

"ಒಂದು ತಿಂಗಳಿನದು ತಡೆದ್ರೆ ಮುಂದಿನ ತಿಂಗಳು ಮತ್ತೆ ಮಾಮೂಲಿನಂತೆ ಹೋಗುತ್ತೆ. ಮ್ಯಾಂಡೇಟ್ ರದ್ದು ಮಾಡಿದ್ರೆ ಅಲ್ಲಿಗೆ ಮುಗೀತು. ಆ ಕಂಪನಿ ಕೇಳಿದ್ರೂ ನಾವು ಕೊಡಲ್ಲ. ಆಮೇಲೆ ಮನಸ್ಸು ಬದಲಾಯಿಸಿದ್ರೆ ಹಳೇದಕ್ಕೆ ಜೀವ ಬರಲ್ಲ ಅಕ್ಕ, ಹೊಸದಾಗಿ ಕಂಪನಿ ಮೂಲಕವೇ ಮಾಡಿಸಬೇಕು."

ಸಿಟ್ಟು ಇರುವಾಗ ಮನುಷ್ಯನಿಗೆ ಅರ್ಧ ಕೆಲಸ ರುಚಿಸುವುದಿಲ್ಲ. "ಪೂರ್ತಿ ನಿಲ್ಲಿಸಿ" ಎಂದರು ಬ್ರೇಕಕ್ಕ.

ಆಫೀಸರು ಕಂಪ್ಯೂಟರಿನಲ್ಲಿ ಮ್ಯಾಂಡೇಟಿನ ನಂಬರು ಹುಡುಕಿ ಚೀಟಿಯಲ್ಲಿ ಬರೆದುಕೊಟ್ಟರು. ಬಿಳಿ ಹಾಳೆಯ ಮೇಲೆ ಬ್ರೇಕಕ್ಕ ಬರೆದರು: ಖಾತೆ ನಂಬರು, ಕಂಪನಿಯ ಹೆಸರು, ಮ್ಯಾಂಡೇಟಿನ ನಂಬರು, ಕಡಿತವಾಗುವ ಮೊತ್ತ ಮತ್ತು ದಿನಾಂಕ. ಈ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಇನ್ನು ಮುಂದೆ ಇದರಡಿ ನನ್ನ ಖಾತೆಯಿಂದ ಹಣ ಕೊಡಬಾರದು. ಆಮೇಲೆ ಹೊಸ ಸಾಲಿಗೆ ಹೋಗಿ, "ಕಾರಣ" ಎಂದು ಬರೆಯತೊಡಗಿದರು.

"ಕಾರಣ ಬರೀಬೇಕಾಗಿಲ್ಲ ಅಕ್ಕ. ಖಾತೆ ನಿಮ್ಮದು."

"ಇರ್ಲಿ." ಬರೆದೇ ಬರೆದರು: ಕೊಟ್ಟದ್ದಕ್ಕೆ ಬೆಲೆ ಇಲ್ಲ.

ಆಫೀಸರು ಅದನ್ನು ಎರಡು ಸಲ ಓದಿದರು. ಸಹಿಯನ್ನು ಬ್ಯಾಂಕಿನಲ್ಲಿರುವ ಸಹಿಯೊಂದಿಗೆ ಹೋಲಿಸಿದರು. ಅರ್ಜಿಯ ಒಂದು ನಕಲು ತೆಗೆದು, ಅದರ ಮೇಲೆ ತಾರೀಕಿನ ಸೀಲು ಒತ್ತಿ ಕೊಟ್ಟರು. "ಇದನ್ನ ಜೋಪಾನವಾಗಿಟ್ಕೊಳ್ಳಿ. ಇನ್ನೆರಡು ವಿಷಯ. ಈ ತಿಂಗಳಿನ ಕಡಿತ ನಾಳೆಯೇ ಇದೆ. ಇಂಥ ಅರ್ಜಿ ಕೆಲವು ದಿನ ಮುಂಚೆ ಬರಬೇಕು. ಹಾಗಾಗಿ ನಾಳಿನದು ಹೋಗೇ ಹೋಗುತ್ತೆ, ಮುಂದಿನ ತಿಂಗಳಿಂದ ನಿಲ್ಲುತ್ತೆ. ಎರಡನೇದು, ನಾವು ನಿಲ್ಲಿಸೋದು ದುಡ್ಡು ಮಾತ್ರ. ನೀವು ಕಂಪನಿ ಜೊತೆ ಮಾಡ್ಕೊಂಡಿರೋ ಚಂದಾ ಅದರಿಂದ ರದ್ದಾಗಲ್ಲ. ಅವರಿಗೂ ಬೇರೆ ತಿಳಿಸಿ."

"ಆಯ್ತು, ಆಯ್ತು" ಎಂದರು ಬ್ರೇಕಕ್ಕ. ಅಷ್ಟರಲ್ಲಿ ಎರಡನೇ ಕ್ಲಾಸಿನವರು ಫೋನ್ ಮಾಡುತ್ತಿದ್ದರು. ಸೀಲು ಒತ್ತಿದ ಹಾಳೆಯನ್ನು ಮಡಿಸಿ ಕಾರಿನ ಡ್ಯಾಶ್‌ಬೋರ್ಡಿಗೆ ತುರುಕಿ ಹೊರಟರು.

"ಹೊರಗೆ ಬಂದಾಗ ಎಷ್ಟು ಹಗುರಾಗಿತ್ತು ಗೊತ್ತಾ?" ಎಂದು ನನ್ನನ್ನು ಕೇಳಿದರು. "ಅದೇ ನಾಚಿಕೆ ನಂಗೆ. ಹಗುರಾಗಿತ್ತು."

ಮರುದಿನ ಸಂಜೆ ಅವರು ಎದುರು ಮನೆಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಅತ್ತಿಗೆಯೇ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಮುಚ್ಚಿದ ಬಟ್ಟಲು. "ಏ ಹುಡುಗಿ, ನಿಂಗೆ ಬೇಜಾರಾಗಿದೆ. ತಂಗಿ ಹೋದ ಮೇಲೆ ನಂಗೆ ಹೊಳೀತು. ಜನ ಕೂತಿರೋವಾಗ ನನ್ನ ನಾಲಿಗೆಗೆ ಎಲುಬಿರಲ್ಲ. ತಪ್ಪಾಯ್ತು ಕಣೆ. ಇದನ್ನ ತಿನ್ನು, ಆಮೇಲೆ ಬೇಕಾದ್ರೆ ಬೈಯಿ."

ಅಲ್ಲಿಗೆ ಮುಗಿಯಿತು. ಬ್ರೇಕಕ್ಕನ ಸಿಟ್ಟು ಕರಗಿ ನೀರಾಯಿತು. ಅವತ್ತೇ ಮತ್ತೆ ಎದುರು ಮನೆಯ ಸೋಫಾದ ಮೇಲೆ ಕಾಲು ಚಾಚಿ ಕೂತು ಕತೆ ಕೇಳಿದರು.

ಬ್ಯಾಂಕಿನ ಕಾಗದ ನೆನಪಾಗಲಿಲ್ಲವೇ ಎಂದು ಕೇಳಿದೆ. ನೆನಪಾಗಿತ್ತಂತೆ. ಆಫೀಸರಿಗೆ ಹೇಳಿ ವಾಪಸು ತಗೋಬೇಕು ಎಂದುಕೊಂಡೇ ಮಲಗಿದ್ದರಂತೆ. ಆದರೆ ಚಂದಾ ಕಡಿತವಾಗಿದೆ ಎಂಬ ಬ್ಯಾಂಕಿನ ಸಂದೇಶ ಅಷ್ಟರಲ್ಲೇ ಫೋನಿಗೆ ಬಂದಿತ್ತು. ಅದನ್ನು ನೋಡಿ, ಅರ್ಜಿ ಎಲ್ಲೋ ಫೈಲಿನ ಅಡಿಗೆ ಬಿದ್ದಿದೆ, ಒಳ್ಳೇದೇ ಆಯಿತು ಎಂದು ಅವರು ಸಮಾಧಾನ ಮಾಡಿಕೊಂಡರು. ಈ ತಿಂಗಳಿನದು ಹೋಗುತ್ತದೆ ಎಂದು ಆ ಹೆಣ್ಣುಮಗಳು ಬಿಡಿಸಿ ಹೇಳಿದ್ದು ಸಿಟ್ಟಿನ ಕಿವಿಗೆ ಬಿದ್ದೇ ಇರಲಿಲ್ಲ. ಆ ವಾರದಲ್ಲೇ ಮ್ಯಾಂಡೇಟ್ ರದ್ದಾಗಿದೆ ಎಂದು ಬ್ಯಾಂಕಿನಿಂದ ಇನ್ನೊಂದು ಸಂದೇಶವೂ ಬಂತು. ಸಾಲ ಬೇಕೇ, ಕಾರ್ಡು ಬೇಕೇ ಎಂದು ದಿನವೂ ಪೀಡಿಸುವ ಸಂದೇಶಗಳ ರಾಶಿಯಲ್ಲಿ ಅದನ್ನು ಅವರು ತೆರೆಯಲೇ ಇಲ್ಲ. ಬ್ಯಾಂಕು ತನ್ನ ಕೆಲಸವನ್ನು ಹೇಳಿದ ಹಾಗೆಯೇ ಮಾಡಿತ್ತು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಂಡಿರಲಿಲ್ಲ.

ಮುಂದಿನ ತಿಂಗಳು ಬಂತು. ಕಂಪನಿ ಮಾಮೂಲಿನಂತೆ ದುಡ್ಡು ಕೇಳಿತು, ಬ್ಯಾಂಕು ಕೊಡಲಿಲ್ಲ.

ಅದಾಗಿ ಕೆಲವು ದಿನಕ್ಕೆ ಒಂದು ಸಂಜೆ ಬ್ರೇಕಕ್ಕ ಎದುರು ಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತ ಕೂತಿದ್ದರು. ಅತ್ತಿಗೆ ಒಂದು ದೊಡ್ಡ ಕಾದಂಬರಿಯ ಕೊನೆಯ ಭಾಗಕ್ಕೆ ಬಂದಿದ್ದರು. ಎರಡು ಮನೆತನಗಳ ಕತೆ. ವಾರದಿಂದ ಇಬ್ಬರಿಗೂ ಅದರದೇ ಮಾತು. "ಇವತ್ತು ಅವಳು ಆ ಮನೆ ಬಾಗಿಲು ದಾಟ್ತಾಳೆ ನೋಡು. ದಾಟದಿದ್ರೆ ನನ್ನ ಹೆಸರು ಬದಲಾಯಿಸು" ಎನ್ನುತ್ತ ಅತ್ತಿಗೆ ಫೋನಿನ ಗುಂಡಿ ಒತ್ತಿದರು.

ಫೋನು ಮಾತಾಡಿತು. ಕಾದಂಬರಿ ಓದುವವರ ದನಿಯಲ್ಲ, ತೆರೆಯ ಮೇಲಿನ ಅಕ್ಷರ ಓದುವ ಯಂತ್ರದ ದನಿ. "ನಿಮ್ಮ ಚಂದಾ ಪಾವತಿಯಾಗಿಲ್ಲ. ಖಾತೆದಾರರ ಸೂಚನೆಯಂತೆ ಬ್ಯಾಂಕು ಪಾವತಿಯನ್ನು ನಿಲ್ಲಿಸಿದೆ. ಸೇವೆ ಮುಂದುವರಿಸಲು ದಯವಿಟ್ಟು ಮತ್ತೆ ನೋಂದಾಯಿಸಿ."

ಅತ್ತಿಗೆ ಏನೋ ತಪ್ಪಾಗಿ ಒತ್ತಿದೆ ಎಂದುಕೊಂಡು ಮತ್ತೆ ಒತ್ತಿದರು. ಅದು ಮತ್ತೆ ಅದನ್ನೇ ಹೇಳಿತು. ಅಕ್ಷರಕ್ಕೊಂದಕ್ಷರ, ಅಲ್ಪವಿರಾಮವನ್ನೂ ಬಿಡದೆ.

"ಏನೇ ಇದು? ಬಿಟ್ಟಿ ಅಂದಿದ್ದೆಯಲ್ಲ?"

ಬ್ರೇಕಕ್ಕನ ಕೈ ನಿಂತಿತು.

"ಖಾತೆದಾರರು ಅಂದ್ರೆ ಯಾರು?"

"ನಾನೇ ಅತ್ತಿಗೆ."

"ಎರಡು ವರ್ಷದಿಂದ?"

"ಹೂಂ."

"ನಿಲ್ಲಿಸಿದ್ದು?"

"ಅದೂ ನಾನೇ."

"ಯಾವಾಗ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದರು ಬ್ರೇಕಕ್ಕ. ಬ್ಯಾಂಕಿನದೇ ತಪ್ಪು ಎನ್ನಬಹುದಿತ್ತು, ಖಾತೆ ಬದಲಾಯಿಸಿದೆ ಎನ್ನಬಹುದಿತ್ತು. ಆದರೆ ಎರಡು ವರ್ಷ ಸುಳ್ಳು ಹೇಳಿದ್ದ ಬಾಯಿಗೆ ಆ ಹೊತ್ತಿಗೆ ಒಂದೂ ಸುಳ್ಳು ಹೊಳೆಯಲಿಲ್ಲ. "ನಿಮ್ಮ ತಂಗಿ ಬಂದಿದ್ರಲ್ಲ. ಅದರ ಮರುದಿನ. ಬ್ಯಾಂಕಿಗೆ ಹೋಗಿ ಬರೆದು ಕೊಟ್ಟೆ."

ಅತ್ತಿಗೆಗೆ ನಾದಿನಿಯ ಮುಖ ಕಾಣುತ್ತಿರಲಿಲ್ಲ. ಆದರೂ ಮುಖವನ್ನು ಸ್ವಲ್ಪ ಓರೆ ಮಾಡಿ, ಅಂಚಿನಲ್ಲಿ ಕಂಡಷ್ಟನ್ನು ನೋಡಲು ಪ್ರಯತ್ನಿಸಿದರು.

"ಅಂದ್ರೆ ನಾನು ಮೀಟರ್ ಅಂತ ನಕ್ಕಾಗ ನೀನು ಕೊಡ್ತಾ ಇದ್ದೆ."

"ಬಿಡಿ ಅತ್ತಿಗೆ, ಅದು ತಮಾಷೆ..."

"ತಮಾಷೆಗೆ ಅಂದೆ. ತಪ್ಪಾಯ್ತು ಅಂತಾನೂ ಅಂದೆ. ಅವತ್ತಾದ್ರೂ ಹೇಳಬಹುದಿತ್ತು ನೀನು. ಅಲ್ಲ, ಬೈದಿದ್ರೆ ಆಗಿತ್ತು. ತಟ್ಟೆ ಎತ್ತಿ ಎಸೆದಿದ್ರೂ ಆಗಿತ್ತು. ಮಾರನೇ ದಿನ ಸ್ನಾನ ಮಾಡಿ, ಬಟ್ಟೆ ಹಾಕ್ಕೊಂಡು, ಬ್ಯಾಂಕಿಗೆ ಹೋಗಿ, ಕೂತು ಬರೆದು ಕೊಟ್ಟೆಯಾ?"

ಬ್ರೇಕಕ್ಕ ಅಳತೊಡಗಿದರು. ಅತ್ತಿಗೆ ಎದ್ದು ಬಂದು ಅವರ ತಲೆ ಸವರಲಿಲ್ಲ. ಫೋನಿನ ವಯರನ್ನು ಗೋಡೆಯಿಂದ ಬಿಡಿಸಿ, ಸುರುಳಿ ಸುತ್ತಿ, ಫೋನಿನ ಜೊತೆಗೆ ಮೇಜಿನ ಮೇಲೆ ನಾದಿನಿಯ ಕಡೆಗೆ ಸರಿಸಿದರು. ಆಮೇಲೆ ಬೀನ್ಸಿನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ನಾರು ತೆಗೆಯುತ್ತ ಕೂತರು.

ಮರುದಿನ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಬ್ರೇಕಕ್ಕ ಮೆಟ್ಟಿಲ ಮೇಲಿದ್ದರು. "ನಾನು ಬರೆದುಕೊಟ್ಟಿದ್ದನ್ನ ವಾಪಸು ಕೊಡಿ. ನನ್ನದೇ ಸಹಿ, ನಾನೇ ಹೊಡೆದುಹಾಕ್ತೀನಿ."

ಆಫೀಸರು ಕಂಪ್ಯೂಟರ್ ನೋಡಿ ತಲೆಯಾಡಿಸಿದರು. "ಅವತ್ತು ಸಂಜೆಯೊಳಗೆ ಬಂದಿದ್ರೆ ತಡೀತಿದ್ದೆ ಅಕ್ಕ. ಈಗದು ರದ್ದಾಗಿ ಹೋಗಿದೆ. ಆ ನಂಬರಿನದು ಮತ್ತೆ ಶುರುವಾಗಲ್ಲ. ಕಂಪನಿಯವರಲ್ಲಿ ಹೊಸದಾಗಿ ಚಂದಾ ಮಾಡಿ, ಹೊಸ ಮ್ಯಾಂಡೇಟಿಗೆ ಒಪ್ಪಿಗೆ ಕೊಡಿ. ಎರಡು ಮೂರು ದಿನದ ಕೆಲಸ, ಅಷ್ಟೆ."

"ಅಷ್ಟೇನಾ?"

"ಅಷ್ಟೆ" ಎಂದರು ಅವರು. ಬ್ಯಾಂಕಿನ ಮಟ್ಟಿಗೆ ಅದು ನಿಜವೂ ಆಗಿತ್ತು.

ಹೊಸ ಮ್ಯಾಂಡೇಟ್ ಆಯಿತು. ಫೋನಿನಲ್ಲಿ ಆ ಕಾದಂಬರಿ ಮತ್ತೆ ತೆರೆದುಕೊಂಡಿತು. ಬ್ರೇಕಕ್ಕ ಅದನ್ನು ಹಿಡಿದುಕೊಂಡು ಎದುರು ಬಾಗಿಲು ತಟ್ಟಿದರು. ಎಲ್ಲ ಸರಿಹೋಯಿತು, ಬಾಗಿಲು ದಾಟಿದಳೋ ಇಲ್ಲವೋ ಇಬ್ಬರೂ ಕೂತು ಕೇಳೋಣ ಎಂದರು.

"ಬೇಡ. ರೇಡಿಯೋ ಇದೆ, ಸಾಕು" ಎಂದರು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬ್ರೇಕಕ್ಕ ಅದರ ಜೊತೆ ಹೇಗೋ ಜಗಳವಾಡುತ್ತಿದ್ದರು.

"ಕೋಪ ಇದ್ರೆ ಬೈದುಬಿಡಿ ಅತ್ತಿಗೆ."

"ಕೋಪ ಯಾಕೆ? ನಿನ್ನ ದುಡ್ಡು, ನಿನ್ನ ಖಾತೆ. ನಿಲ್ಲಿಸೋ ಹಕ್ಕು ನಿಂದು. ನಂಗೆ ನಾಚಿಕೆ ಅಷ್ಟೆ. ಎರಡು ವರ್ಷ ತಿಂದಿದ್ದು ಯಾರದು ಅಂತ ಗೊತ್ತಿಲ್ದೆ ತಿಂದೆ, ತಿನ್ನಿಸಿದವಳನ್ನೇ ಆಡ್ಕೊಂಡೆ. ಇನ್ನು ಆ ದನಿ ಕೇಳ್ತಾ ಕೂತ್ರೆ, ಯಾವ ಮಾತಿಗೆ ನಿಂತುಹೋಗುತ್ತೋ ಅಂತಾನೇ ಕಿವಿ ಕಾಯುತ್ತೆ. ಕತೆ ಕೇಳಲ್ಲ."

ವಾರ ಕಳೆಯುವಷ್ಟರಲ್ಲಿ ಅತ್ತಿಗೆ ಒಂದು ಲಕೋಟೆ ತಂದುಕೊಟ್ಟರು. ಎರಡು ವರ್ಷದ ಚಂದಾ. ತಂಗಿಯಿಂದ ಸಾಲ ತಂದದ್ದು ಎಂದು ಆಮೇಲೆ ತಿಳಿಯಿತು. ಬ್ರೇಕಕ್ಕ ಬೇಡವೇ ಬೇಡ ಎಂದರು, ಕೈ ಮುಗಿದರು. ಅತ್ತಿಗೆ ಲಕೋಟೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಚಾಚಿದ ಆ ಕೈಯನ್ನು ನೋಡಲಾಗದೆ ಕೊನೆಗೆ ತೆಗೆದುಕೊಂಡರು. "ತಗೊಂಡಿದ್ದು ಇನ್ನೊಂದು ತಪ್ಪೋ ಏನೋ. ತಗೊಳ್ದೆ ಇದ್ದಿದ್ರೂ ತಪ್ಪೇ ಆಗ್ತಿತ್ತು" ಎಂದರು ನನಗೆ.

ಆಮೇಲೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ತರಕಾರಿ ತಂದುಕೊಟ್ಟರೆ ಅತ್ತಿಗೆ ಆಗಲೇ ಚಿಲ್ಲರೆ ಎಣಿಸಿ ಕೊಡುತ್ತಿದ್ದರು. ಬಲ್ಬು ಬದಲಾಯಿಸಿಕೊಟ್ಟರೆ "ಥ್ಯಾಂಕ್ಸಮ್ಮ" ಎನ್ನುತ್ತಿದ್ದರು. ಕಣ್ಣಾಸ್ಪತ್ರೆಗೆ ಹೋಗುವಾಗ ಪೆಟ್ರೋಲಿಗೆಂದು ಏನಾದರೂ ಸೀಟಿನ ಮೇಲೆ ಇಟ್ಟು ಇಳಿಯುತ್ತಿದ್ದರು. ಹುಡುಗಿ ಎಂದು ಕೂಗುವುದು ತಾನಾಗಿ ನಿಂತಿತು, ಬೇಕೆಂದೇ ನಿಲ್ಲಿಸಿದರೋ, ಬಾಯಿಗೆ ಬರದೆ ನಿಂತಿತೋ. ಚಂದಾ ಮಾತ್ರ ಬ್ರೇಕಕ್ಕನ ಖಾತೆಯಿಂದ ತಿಂಗಳು ತಿಂಗಳೂ ಹೋಗುತ್ತಲೇ ಇತ್ತು. ಕೇಳುವವರಿರಲಿಲ್ಲ. ನಿಲ್ಲಿಸಿಬಿಡಿ ಎಂದು ನಾನೊಮ್ಮೆ ಬಾಯಿ ತಪ್ಪಿ ಹೇಳಿದೆ. ಅವರು ನನ್ನನ್ನು ಹೇಗೆ ನೋಡಿದರೆಂದರೆ, ಗೇರು ಬದಲಾಯಿಸುವುದನ್ನೇ ಮರೆತೆ.

"ನಂಗೆ ಅತ್ತಿಗೆ ಡ್ರೈವಿಂಗ್ ಫೀಸು ಕೊಟ್ರಲ್ಲ" ಎಂದರು ಇನ್ನೊಂದು ದಿನ, ನಾನು ಕೇಳದೆಯೇ. "ಅಣ್ಣನ ಹತ್ರ ಅದಕ್ಕೆ ಎಷ್ಟು ಮಾತು ಕೇಳಿದ್ರೋ. ಮದುವೆ ಆಗೋದಿಲ್ಲ ಅಂತ ನಾನು ಹಟ ಹಿಡಿದಾಗ್ಲೂ, ಅತ್ತಿಗೆ ಮೇಲೇ ರೇಗಿ ಒಂದು ತಿಂಗಳು ಮಾತು ಬಿಟ್ಟಾಗ್ಲೂ, ಆ ಫೀಸಿನ ಮಾತು ಒಂದು ಸಲಾನೂ ಎತ್ತಲಿಲ್ಲ ನೋಡಿ ಅವರು. ನಾನು ಒಂದೇ ಒಂದು ನಗುವಿಗೆ ಓಡಿಹೋಗಿ ಬರೆದುಕೊಟ್ಟೆ. ಕಾರಣಾನೂ ಬರೆದೆ. ಬೇಡ ಅಂದ್ರೂ ಬರೆದೆ."

ನಾನು ಟೆಸ್ಟ್ ಪಾಸಾದ ದಿನ ಸಿಹಿ ತೆಗೆದುಕೊಂಡು ಅವರ ಮನೆಗೆ ಹೋದೆ. "ಬನ್ನಿ, ಅತ್ತಿಗೇನೂ ನೋಡಿ" ಎಂದು ಎದುರು ಮನೆಗೆ ಕರೆದುಕೊಂಡು ಹೋದರು. ಅತ್ತಿಗೆ ಸಣ್ಣ ದೇಹದ, ಚುರುಕು ಮಾತಿನ ಹೆಂಗಸು. ಎದ್ದು ನಿಂತು ಸ್ವಾಗತಿಸಿದರು. ಇಬ್ಬರಿಗೂ ಕುರ್ಚಿ ತೋರಿಸಿದರು. ಬ್ರೇಕಕ್ಕ ಸೋಫಾದ ಕಡೆ ಒಂದು ಹೆಜ್ಜೆ ಇಟ್ಟವರು ಹಿಂದೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಒಳ್ಳೆಯ ಕಪ್ಪು-ಬಸಿಗಳಲ್ಲಿ ಚಹಾ ಬಂತು. "ಸಕ್ಕರೆ ಸರಿ ಇದೆಯಾ?" ಎಂದು ಅತ್ತಿಗೆ ನನ್ನನ್ನು ಕೇಳಿದರು, ಆಮೇಲೆ ನಾದಿನಿಯನ್ನೂ ಕೇಳಿದರು. ನಲವತ್ತು ವರ್ಷ ಅವರಿಗೆ ಚಹಾ ಮಾಡಿಕೊಟ್ಟ ಕೈ ಅದು.

"ಸರಿ ಇದೆ ಅತ್ತಿಗೆ" ಎಂದರು ಬ್ರೇಕಕ್ಕ.

ಹೊರಟಾಗ ಅತ್ತಿಗೆ ಗೋಡೆ ಸವರಿಕೊಂಡು ಬಾಗಿಲವರೆಗೂ ಬಂದರು. "ಬಂದಿದ್ದು ತುಂಬ ಸಂತೋಷ ಆಯ್ತು. ಆಗಾಗ ಬರ್ತಾ ಇರಿ" ಎಂದರು, ಇಬ್ಬರ ಕಡೆಗೂ ಮುಖ ತಿರುಗಿಸಿ. ಬಾಗಿಲು ಮೆಲ್ಲಗೆ ಮುಚ್ಚಿತು. ನಾನು ಮೆಟ್ಟಿಲಿಳಿಯುತ್ತ ತಿರುಗಿ ನೋಡಿದಾಗ ಬ್ರೇಕಕ್ಕ ತಮ್ಮ ಮನೆಯ ಬೀಗಕ್ಕೆ ಕೀಲಿ ಹಾಕಿರಲಿಲ್ಲ. ಮುಚ್ಚಿದ ಆ ಬಾಗಿಲನ್ನೇ ನೋಡುತ್ತ ನಿಂತಿದ್ದರು.